ಲೋಲಕವನ್ನು ಅಗಲವಾಗಿ ತೂಗಿದರೆ ಆವರ್ತಕಾಲ ಯಾಕೆ ಹೆಚ್ಚುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದ ಪಿಯು ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ಲೋಲಕದ ಪ್ರಯೋಗದ ವಾರದಲ್ಲಿ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರು ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಬಸ್ಸಿನ ಹೊತ್ತಾಗಿರುತ್ತದೆ, ನನಗೆ ಪೂರ್ತಿ ಉತ್ತರ ಹೇಳಲು ಆಗಿರುವುದಿಲ್ಲ. ಆ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎಷ್ಟು ಅಗಲಕ್ಕೆ ತೂಗಿದರೂ ಆವರ್ತಕಾಲ ಒಂದೇ ಅಂತ ಓದಿದ್ದೀವಿ. ಅದು ತಪ್ಪಾ ಸರ್?

ಹೌದು, ಹಾಗೆ ಹೇಳಿದರೆ ತಪ್ಪು. ಗೆಲಿಲಿಯೋ ಕೂಡ ಹಾಗೆಯೇ ನಂಬಿದ್ದ. T = 2π√(L/g) ಎಂಬ ಸೂತ್ರದಲ್ಲಿ ಕೋನವೇ ಇಲ್ಲ. ಆದರೆ ಕೋನಕ್ಕೆ ಅಲ್ಲಿ ಕೆಲಸವಿಲ್ಲ ಎಂದು ಇದರ ಅರ್ಥವಲ್ಲ. ಸೂತ್ರ ಕಟ್ಟುವಾಗ ಒಂದು ಹಂತದಲ್ಲಿ sin θ ಇದ್ದ ಜಾಗದಲ್ಲಿ θ ಬರೆದುಕೊಂಡು ಕೋನವನ್ನು ನಾವೇ ಹೊರಗೆ ಹಾಕಿದ್ದೇವೆ. ಅಗಲ ಹೆಚ್ಚಿದಷ್ಟೂ ಆವರ್ತಕಾಲ ಹೆಚ್ಚುತ್ತದೆ. ಮೊದಮೊದಲು ಗೊತ್ತೇ ಆಗದಷ್ಟು, ಆಮೇಲೆ ಕಣ್ಣಿಗೆ ಕಾಣುವಷ್ಟು.

ದಾರಿ ಉದ್ದವಾಯ್ತು, ಅದಕ್ಕೇ ಹೊತ್ತು ಜಾಸ್ತಿ. ಇಷ್ಟೇ ತಾನೆ?

ಅಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ತಪ್ಪು ಉತ್ತರ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಗುಂಡನ್ನು 10 ಡಿಗ್ರಿಯಿಂದ ಬಿಡುವ ಬದಲು 20 ಡಿಗ್ರಿಯಿಂದ ಬಿಟ್ಟರೆ ದಾರಿ ಎರಡರಷ್ಟಾಗುತ್ತದೆ, ನಿಜ. ಆದರೆ ಮಧ್ಯಕ್ಕೆ ಎಳೆಯುವ ಬಲವೂ ಹೆಚ್ಚುತ್ತದಲ್ಲ? ದಾರಿಯ ಒಂದೊಂದು ಜಾಗದಲ್ಲೂ ಎಳೆತ ಸರಿಯಾಗಿ ಎರಡರಷ್ಟಾಗಿದ್ದರೆ ವೇಗವೂ ಎರಡರಷ್ಟಾಗುತ್ತಿತ್ತು. ಎರಡರಷ್ಟು ದೂರವನ್ನು ಎರಡರಷ್ಟು ವೇಗದಲ್ಲಿ ಹೋದರೆ ಹಿಡಿಯುವ ಹೊತ್ತು ಅಷ್ಟೇ. ಒಳ್ಳೆಯ ಸ್ಪ್ರಿಂಗಿಗೆ ತೂಕ ಕಟ್ಟಿ ಎಳೆದು ಬಿಟ್ಟಾಗ ಆಗುವುದು ಇದೇ. ಎರಡು ಸೆಂಟಿಮೀಟರ್ ಎಳೆದರೂ ನಾಲ್ಕು ಸೆಂಟಿಮೀಟರ್ ಎಳೆದರೂ ಅದರ ಆವರ್ತಕಾಲ ಬದಲಾಗುವುದಿಲ್ಲ. ಹಾಗಾಗಿ ದಾರಿ ಉದ್ದವಾದದ್ದೇ ಕಾರಣ ಎನ್ನುವ ಮಾತು ನಿಲ್ಲುವುದಿಲ್ಲ.

ಲೋಲಕದಲ್ಲಿ ಆಗುವುದೇ ಬೇರೆ: ದಾರಿ ಬೆಳೆದಷ್ಟು ಎಳೆತ ಬೆಳೆಯುವುದಿಲ್ಲ. ಗುಂಡಿನ ತೂಕ ಯಾವಾಗಲೂ ನೇರ ಕೆಳಕ್ಕೆ. ಅದರಲ್ಲಿ ಗುಂಡು ಸಾಗುವ ಬಿಲ್ಲಿನ ಗುಂಟ ಸಿಗುವ ಪಾಲು mg sin θ ಮಾತ್ರ, ಉಳಿದದ್ದು ದಾರವನ್ನು ಬಿಗಿಯಾಗಿಸುವುದಕ್ಕೆ ಹೋಗುತ್ತದೆ. 10 ಡಿಗ್ರಿಯಿಂದ 20 ಡಿಗ್ರಿಗೆ ಹೋದಾಗ ಈ ಪಾಲು 2 ಪಟ್ಟಲ್ಲ, 1.97 ಪಟ್ಟು. 30ರಿಂದ 60ಕ್ಕೆ ಹೋದಾಗ 1.73 ಪಟ್ಟು ಅಷ್ಟೇ. 90 ಡಿಗ್ರಿಯಲ್ಲಿ ಇಡೀ ತೂಕ ಎಳೆತಕ್ಕೆ ಬಂದಿರುತ್ತದೆ, ಅದಕ್ಕಿಂತ ಹೆಚ್ಚು ಕೊಡಲು ಭೂಮಿಯ ಹತ್ತಿರ ಇಲ್ಲ. ದಾರಿ ಅದರಾಚೆಗೂ ಬೆಳೆಯಬಹುದು, ಎಳೆತ ಬೆಳೆಯುವುದಿಲ್ಲ. ಹಿಂದೆ ಬಿದ್ದ ಎಳೆತದಿಂದ ವೇಗ ಸಾಲದೆ ಬರುತ್ತದೆ, ಹೊತ್ತು ಹೆಚ್ಚುತ್ತದೆ.

sin θ ಬದಲು θ ಹಾಕಿದರೆ ಆಗುವ ತಪ್ಪು ಎಷ್ಟು?

ಮೊದಲು ಒಂದು ಮಾತು. sin θ ಮತ್ತು θ ಹತ್ತಿರವಾಗುವುದು θ ರೇಡಿಯನ್‌ನಲ್ಲಿದ್ದಾಗ ಮಾತ್ರ. ಪ್ರತಿ ತರಗತಿಯಲ್ಲೂ ಇಬ್ಬರಾದರೂ 20 ಡಿಗ್ರಿಗೆ 20 ಎಂದೇ ಹಾಕಿ ಗಾಬರಿಯಾಗುತ್ತಾರೆ. 20 ಡಿಗ್ರಿ ಎಂದರೆ 0.349 ರೇಡಿಯನ್, ಅದರ ಸೈನ್ 0.342.

10 ಡಿಗ್ರಿಯಲ್ಲಿ ಎಳೆತದ ಕೊರತೆ ಶೇಕಡಾ ಅರ್ಧ. 30 ಡಿಗ್ರಿಯಲ್ಲಿ θ ಎಂದರೆ 0.524, ಸೈನ್ 0.5, ಅಂದರೆ ಕೊರತೆ ಶೇಕಡಾ ನಾಲ್ಕೂವರೆ. ಈ ಕೊರತೆ ಸುಮಾರಾಗಿ θ²/6. ಕೋನ ಎರಡರಷ್ಟಾದರೆ ಕೊರತೆ ನಾಲ್ಕರಷ್ಟು. ಸಣ್ಣ ಕೋನದಲ್ಲಿ ಏನೂ ಕಾಣಿಸದೆ ದೊಡ್ಡ ಕೋನದಲ್ಲಿ ಒಮ್ಮೆಲೇ ಕಾಣಿಸಿಕೊಂಡಂತೆ ಅನಿಸುವುದು ಈ ವರ್ಗದಿಂದಲೇ.

10 ಡಿಗ್ರಿಯಲ್ಲಿ ಎಳೆತ ಶೇಕಡಾ 0.5 ಕಡಿಮೆ, ಆದರೆ ಆವರ್ತಕಾಲ ಶೇಕಡಾ 0.2 ಮಾತ್ರ ಹೆಚ್ಚು. ಮಿಕ್ಕದ್ದು ಎಲ್ಲಿ ಹೋಯ್ತು?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಚಿಂತಾಮಣಿ ಕಡೆಯ ಹುಡುಗಿಯೊಬ್ಬಳು ಕೇಳಿದ್ದಳು. ಅಂದು ಬೋರ್ಡಿನ ಮೇಲೆ ಸರಣಿ ಬರೆದು ಮುಗಿಸಿಬಿಟ್ಟೆ, ಅವಳಿಗೆ ಸಮಾಧಾನವಾಗಲಿಲ್ಲ. ಸರಿಯಾದ ಉತ್ತರ ಹೀಗಿದೆ.

ತಿದ್ದುಪಡಿ ಸೇರಿಸಿದ ಸೂತ್ರ T = T₀(1 + θ²/16). ಇಲ್ಲಿ T₀ ಎಂದರೆ ಪುಸ್ತಕದ ಸೂತ್ರ ಕೊಡುವ ಆವರ್ತಕಾಲ, θ ಎಂದರೆ ಗುಂಡನ್ನು ಬಿಟ್ಟ ಕೋನ, ರೇಡಿಯನ್‌ನಲ್ಲಿ. ಎಳೆತದ ಕೊರತೆಯಲ್ಲಿ ಇದ್ದದ್ದು 6, ಇಲ್ಲಿ 16. ಆರು ಹದಿನಾರಾಗಲು ಎರಡು ಹೆಜ್ಜೆ ಸಾಕು.

ಮೊದಲನೆಯದು: ಆರರಲ್ಲೊಂದು ಎನ್ನುವ ಕೊರತೆ ಇರುವುದು ತುದಿಯಲ್ಲಿ. ಗುಂಡು ಮಧ್ಯಕ್ಕೆ ಬಂದಂತೆ ಕೊರತೆ ಕರಗಿ ಸೊನ್ನೆಯಾಗುತ್ತದೆ. ಹಾಗಾಗಿ ಇಡೀ ತೂಗಾಟಕ್ಕೆ ಸರಾಸರಿ ನೋಡಬೇಕು. ಹಾಗೆಂದು ಬರೀ ಅರ್ಧ ಮಾಡುವಂತಿಲ್ಲ. ತುದಿಗಳ ಹತ್ತಿರ ಗುಂಡು ನಿಧಾನ, ಹೆಚ್ಚು ಹೊತ್ತು ಅಲ್ಲೇ ಇರುತ್ತದೆ, ಎಳೆತ ದೊಡ್ಡದಾಗಿರುವುದೂ ಅಲ್ಲೇ. ತುದಿಯ ಮಾತಿಗೆ ತೂಕ ಜಾಸ್ತಿ. ಲೆಕ್ಕ ಹಾಕಿದರೆ ಸರಾಸರಿ ಕೊರತೆ ತುದಿಯ ಕೊರತೆಯ ಮುಕ್ಕಾಲು ಪಾಲು ಬರುತ್ತದೆ. ಆರರಲ್ಲೊಂದರ ಮುಕ್ಕಾಲು ಎಂದರೆ ಎಂಟರಲ್ಲೊಂದು.

ಎರಡನೆಯದು: ಆವರ್ತಕಾಲ ಎಳೆತದ ವರ್ಗಮೂಲದ ಮೇಲೆ ನಿಂತಿದೆ. ಎಳೆತ ಶೇಕಡಾ 1 ಕಡಿಮೆಯಾದರೆ ಆವರ್ತಕಾಲ ಶೇಕಡಾ ಅರ್ಧ ಮಾತ್ರ ಹೆಚ್ಚುತ್ತದೆ. ಎಂಟರಲ್ಲೊಂದರ ಅರ್ಧ ಹದಿನಾರರಲ್ಲೊಂದು. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ, θ² ಒಂದು ರೂಪಾಯಿ ಅಂದುಕೊಂಡರೆ ಎಳೆತದಲ್ಲಿ ಎರಡಾಣೆ ಖೋತಾ, ಆವರ್ತಕಾಲದಲ್ಲಿ ಒಂದಾಣೆ ಹೆಚ್ಚುವರಿ. ನಮ್ಮ ಅಜ್ಜಿ ಇದನ್ನು ಬೆರಳಲ್ಲೇ ಎಣಿಸುತ್ತಿದ್ದರು.

10 ಡಿಗ್ರಿಗೆ ಹಾಕಿ ನೋಡಿ. θ² = 0.0305. ಅದರ ಹದಿನಾರರಲ್ಲೊಂದು 0.0019. ಶೇಕಡಾ 0.19, ನೀವು ಕೇಳಿದ ಆ 0.2 ಇದೇ.

ಹಾಗಾದರೆ ಅಂದಾಜು ಮುರಿಯುವ ಕೋನ ಯಾವುದು? 5 ಡಿಗ್ರಿಯೋ, 10 ಡಿಗ್ರಿಯೋ, 15 ಡಿಗ್ರಿಯೋ?

ಒಂದೊಂದು ಪುಸ್ತಕ ಒಂದೊಂದು ಹೇಳುತ್ತದೆ, ಮಕ್ಕಳು ಯಾವುದನ್ನು ನಂಬಬೇಕು ಎಂದು ಕೇಳುತ್ತಾರೆ. ಕೋಲು ಮುರಿದಂತೆ ಮುರಿಯುವ ಜಾಗ ಯಾವುದೂ ಇಲ್ಲ. 1 ಡಿಗ್ರಿಯಲ್ಲೂ ತಪ್ಪು ಇದ್ದೇ ಇದೆ. ನಿಮ್ಮ ಕೈಯಲ್ಲಿರುವ ಗಡಿಯಾರಕ್ಕೆ ಆ ತಪ್ಪು ಕಾಣುತ್ತದೆಯೇ ಎನ್ನುವುದೇ ಪ್ರಶ್ನೆ.

ನಮ್ಮ ಲ್ಯಾಬಿನಲ್ಲಿ ಒಂದು ಮೀಟರ್ ಉದ್ದದ ಲೋಲಕದ 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು. ಸ್ಟಾಪ್‌ವಾಚ್ ಒತ್ತುವ ಬೆರಳು ಮುಂಚೆಯೋ ತಡವೋ ಆಗಿ 0.2 ಸೆಕೆಂಡಿನ ತಪ್ಪು ಸಹಜ. ಅದು ಶೇಕಡಾ ಅರ್ಧ. ಕೋನದಿಂದ ಬರುವ ತಪ್ಪು ಶೇಕಡಾ ಅರ್ಧ ಮುಟ್ಟುವುದು 16 ಡಿಗ್ರಿಯಲ್ಲಿ. ಅಲ್ಲಿಯವರೆಗೆ ಬೆರಳಿನ ತಪ್ಪಿನೊಳಗೆ ಕೋನದ ತಪ್ಪು ಮುಚ್ಚಿಹೋಗುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗ ಅಳೆಯುವ ಫೋಟೋಗೇಟ್ ಇಟ್ಟರೆ, ಅದೇ ಲೋಲಕ 5 ಡಿಗ್ರಿಯಲ್ಲೇ ಸಿಕ್ಕಿಬೀಳುತ್ತದೆ. ದಿನಕ್ಕೆ ಒಂದು ಸೆಕೆಂಡೂ ತಪ್ಪಬಾರದ ಲೋಲಕದ ಗಡಿಯಾರಕ್ಕಾದರೆ 0.8 ಡಿಗ್ರಿಯೇ ಗಡಿ.

ನಮ್ಮೂರಿನ ಹೋಲಿಕೆ ಒಂದಿದೆ. ಚಿಕ್ಕಬಳ್ಳಾಪುರದಿಂದ ನಂದಿ ಬೆಟ್ಟದ ತುದಿ ಸುಮಾರು 560 ಮೀಟರ್ ಎತ್ತರ. ಲೋಲಕವನ್ನು ಅಲ್ಲಿಗೆ ಒಯ್ದರೆ ಭೂಮಿಯ ನಡುವಿನಿಂದ ದೂರವಾದದ್ದಕ್ಕೆ g ಕಡಿಮೆಯಾಗಿ ಆವರ್ತಕಾಲ ಹೆಚ್ಚುತ್ತದೆ. ಎಷ್ಟು? ಹೆಚ್ಚೆಂದರೆ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಬೆಟ್ಟದ ಕಲ್ಲಿನದೇ ಆಕರ್ಷಣೆ ಸೇರಿದರೆ ಇನ್ನೂ ಕಡಿಮೆ. ಊರಲ್ಲೇ ಕೂತು ತೂಗಾಟವನ್ನು ಸೊನ್ನೆಯ ಹತ್ತಿರದಿಂದ ಸುಮಾರು 2 ಡಿಗ್ರಿಗೆ ಅಗಲಿಸಿದರೂ ಅಷ್ಟೇ ವ್ಯತ್ಯಾಸ. ಬೆಟ್ಟದ ಮೇಲೆ g ಎಷ್ಟು ಬದಲಾಯಿತು ಎಂದು ಅಳೆಯಲು ಹೊರಟವರು ಕೆಳಗೆ 5 ಡಿಗ್ರಿ, ಮೇಲೆ 3 ಡಿಗ್ರಿ ತೂಗಿಸಿದರೆ ಅವರು ಅಳೆದದ್ದು ಬೆಟ್ಟವನ್ನಲ್ಲ, ತಮ್ಮ ಕೈಯನ್ನು.

ನಮ್ಮ ಬ್ಯಾಚಿಗೆ g ಬೆಲೆ 9.25 ಬಂತು. ಎಲ್ಲಿ ತಪ್ಪಿದ್ದೀವಿ?

ಇಡೀ ಲೆಕ್ಕವನ್ನೇ ಹಾಕೋಣ. ದಾರ ಕಟ್ಟಿದ ಜಾಗದಿಂದ ಗುಂಡಿನ ನಡುಮಧ್ಯದವರೆಗೆ 1.000 ಮೀಟರ್. ಚೆನ್ನಾಗಿ ಕಾಣಲಿ ಎಂದು 40 ಡಿಗ್ರಿಯಿಂದ ಬಿಟ್ಟಿದ್ದೀರಿ. 20 ಆಂದೋಲನ ಮುಗಿಯುವ ಹೊತ್ತಿಗೆ ಗಾಳಿಯ ತಡೆಯಿಂದ ಅಗಲ 36 ಡಿಗ್ರಿಗೆ ಇಳಿದಿದೆ. ಸ್ಟಾಪ್‌ವಾಚ್ ತೋರಿಸಿದ್ದು 41.31 ಸೆಕೆಂಡು, ಅಂದರೆ T = 2.0655.

g = 4π²L/T² ಎಂದು ನೇರವಾಗಿ ಹಾಕಿದರೆ 39.478 ಅನ್ನು 4.266ರಿಂದ ಭಾಗಿಸಿ 9.25 ಬರುತ್ತದೆ. ನಮ್ಮ ಕಡೆ ಬರಬೇಕಾದದ್ದು ಸುಮಾರು 9.78. ಶೇಕಡಾ ಐದಕ್ಕಿಂತ ಹೆಚ್ಚು ತಪ್ಪು.

ಈಗ ತಿದ್ದೋಣ. ಅಗಲ ಮೊದಲಿನಿಂದ ಕೊನೆಯವರೆಗೆ ಒಂದೇ ಇರಲಿಲ್ಲವಾದ್ದರಿಂದ θ² ಜಾಗದಲ್ಲಿ ಮೊದಲ ಕೋನ ಮತ್ತು ಕೊನೆಯ ಕೋನದ ಗುಣಲಬ್ಧ ಹಾಕಬಹುದು: 0.698 × 0.628 = 0.439. ಹದಿನಾರರಿಂದ ಭಾಗಿಸಿದರೆ 0.0274. ನಿಮ್ಮ T ಅನ್ನು 1.0274ರಿಂದ ಭಾಗಿಸಿ. T₀ = 2.0104 ಸಿಗುತ್ತದೆ, g = 9.77.

ಒಂದೇ ಎಚ್ಚರಿಕೆ: ಬೆರಳಿನ 0.2 ಸೆಕೆಂಡಿನ ತಪ್ಪೊಂದೇ g ಬೆಲೆಯನ್ನು 0.09ರಷ್ಟು ಅತ್ತಿತ್ತ ಸರಿಸಬಲ್ಲದು. ಹಾಗಾಗಿ 9.77 ಬಂತೆಂದು ಕೊನೆಯ ಅಂಕಿಯನ್ನು ನಂಬಬೇಡಿ. ಆದರೆ 9.25ರ ತಪ್ಪು ಬೆರಳಿನದ್ದಲ್ಲ. ಬೆರಳಿನ ತಪ್ಪು ಒಮ್ಮೆ ಆಚೆ, ಒಮ್ಮೆ ಈಚೆ. ಕೋನದ ತಪ್ಪು g ಬೆಲೆಯನ್ನು ಯಾವಾಗಲೂ ಕೆಳಕ್ಕೇ ಎಳೆಯುತ್ತದೆ, ಎಷ್ಟು ಸಲ ಮಾಡಿ ಸರಾಸರಿ ತೆಗೆದರೂ ಹೋಗುವುದಿಲ್ಲ.

ದಾರ ಹಿಗ್ಗಿದ್ದರಿಂದಲೂ ಹೀಗಾಗಬಹುದಲ್ಲವೇ? ಕೋನದಿಂದಲೇ ಅಂತ ಹೇಗೆ ಗೊತ್ತಾಗುತ್ತೆ?

ಅನುಮಾನ ಒಳ್ಳೆಯದು. ಅಗಲವಾಗಿ ತೂಗಿದಾಗ ದಾರದ ಮೇಲಿನ ಬಿಗಿತ ನಿಜವಾಗಿಯೂ ಹೆಚ್ಚುತ್ತದೆ. 60 ಡಿಗ್ರಿಯಿಂದ ಬಿಟ್ಟ ಗುಂಡು ಕೆಳಗೆ ಬಂದಾಗ ದಾರ ಹೊರುವುದು ಗುಂಡಿನ ತೂಕದ ಎರಡರಷ್ಟು. ಆದರೆ ಒಂದು ಮೀಟರ್ ದಾರ ಎರಡು ಮಿಲಿಮೀಟರ್ ಹಿಗ್ಗಿದರೂ ಆವರ್ತಕಾಲ ಹೆಚ್ಚುವುದು ಶೇಕಡಾ 0.1. 60 ಡಿಗ್ರಿಯ ಕೋನದಿಂದ ಹೆಚ್ಚುವುದು ಶೇಕಡಾ 7.3. ಹೆಣೆದ ರಬ್ಬರಿನಂಥ ದಾರ ಬಿಟ್ಟರೆ ಬೇರೆ ಯಾವುದರಲ್ಲೂ ಈ ಗೊಂದಲಕ್ಕೆ ಜಾಗವಿಲ್ಲ.

ಉದ್ದ ಅಳೆಯುವುದರಲ್ಲಿ ತಪ್ಪಿದ್ದರೆ ಆ ತಪ್ಪು ಸಣ್ಣ ಕೋನದಲ್ಲೂ ದೊಡ್ಡ ಕೋನದಲ್ಲೂ ಒಂದೇ ಸಮ ಇರುತ್ತದೆ. ಇದನ್ನೇ ಹಿಡಿದು ಪರೀಕ್ಷೆ ಮಾಡಬಹುದು. ಗುಂಡನ್ನು 10, 20, 30, 40 ಡಿಗ್ರಿಗಳಿಂದ ಬಿಟ್ಟು ಆವರ್ತಕಾಲ ಅಳೆಯಿರಿ. ಕೋನಮಾಪಕ ಹಿಡಿಯುವುದು ಕಷ್ಟವಾದರೆ, ಒಂದು ಮೀಟರ್ ಲೋಲಕವನ್ನು ನೇರ ಗೆರೆಯಿಂದ ಪಕ್ಕಕ್ಕೆ 17, 34, 50, 64 ಸೆಂಟಿಮೀಟರ್ ಸರಿಸಿ. ಒಂದೊಂದು ಸಲವೂ ಐದೇ ಆಂದೋಲನ ಎಣಿಸಿ, ಅಗಲ ಕುಗ್ಗುವ ಮೊದಲೇ ನಿಲ್ಲಿಸಿ, ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ನಮ್ಮ g ಬೆಲೆಗೆ ಬರಬೇಕಾದದ್ದು ಕ್ರಮವಾಗಿ 2.013, 2.025, 2.044, 2.072 ಸೆಕೆಂಡು.

ಗ್ರಾಫಿನಲ್ಲಿ ಅಡ್ಡಕ್ಕೆ θ ಹಾಕಬೇಡಿ, θ² ಹಾಕಿ. ಚುಕ್ಕಿಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಕೂರುತ್ತವೆ. ಗೆರೆ ಲಂಬ ಅಕ್ಷವನ್ನು ಮುಟ್ಟುವ ಜಾಗವೇ T₀. ಇಳಿಜಾರನ್ನು T₀ಯಿಂದ ಭಾಗಿಸಿದಾಗ 1/16ರ ಹತ್ತಿರ, ಅಂದರೆ 0.0625ರ ಆಸುಪಾಸು ಬಂದರೆ ಕಾರಣ ಕೋನವೇ. ಉದ್ದದ ತಪ್ಪಿದ್ದರೆ ಇಡೀ ಗೆರೆ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆಯೇ ಹೊರತು ಈ ಸಂಖ್ಯೆ ಬದಲಾಗುವುದಿಲ್ಲ.

ಗಾಳಿಯ ತಡೆ ಆವರ್ತಕಾಲ ಹೆಚ್ಚಿಸುವುದಿಲ್ಲವೇ?

ಲೋಹದ ಗುಂಡಿನಲ್ಲಿ ನೇರವಾಗಿ ಹೆಚ್ಚಿಸುವುದು ಲೆಕ್ಕಕ್ಕೆ ಬಾರದಷ್ಟು. ಅಗಲವನ್ನು ಕುಗ್ಗಿಸುವ ಮೂಲಕ ಅದು ಆವರ್ತಕಾಲವನ್ನು ಕಡಿಮೆಯೇ ಮಾಡುತ್ತದೆ: ಮೊದಲ ಆಂದೋಲನಗಳು ನಿಧಾನ, ಕೊನೆಯವು ಚುರುಕು.

16ರ ಸೂತ್ರ ಎಲ್ಲಿಯವರೆಗೆ ನಡೆಯುತ್ತದೆ?

40 ಡಿಗ್ರಿಯವರೆಗೆ ಶೇಕಡಾ 0.1ರೊಳಗೆ ಸರಿ ಇರುತ್ತದೆ. 90 ಡಿಗ್ರಿಯಲ್ಲಿ ಅದು ಹೇಳುವುದು 1.154 ಪಟ್ಟು, ನಿಜವಾದದ್ದು 1.180 ಪಟ್ಟು. ಸರಣಿಗೆ ಮುಂದಿನ ಪದ 11θ⁴/3072 ಸೇರಿಸಿದರೆ 1.176ಕ್ಕೆ ಬರುತ್ತದೆ.

ನಿಖರ ಉತ್ತರಕ್ಕೆ ದೊಡ್ಡ ಗಣಿತ ಬೇಕು ಎಂದು ಹೇಳಿಬಿಡುತ್ತಾರೆ. ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು. 1 ಮತ್ತು cos(θ/2) ಎಂಬ ಎರಡು ಸಂಖ್ಯೆ ತೆಗೆದುಕೊಳ್ಳಿ. ಅವುಗಳ ಸರಾಸರಿ ಒಂದು ಕಡೆ, ಗುಣಲಬ್ಧದ ವರ್ಗಮೂಲ ಇನ್ನೊಂದು ಕಡೆ ಬರೆಯಿರಿ. ಸಿಕ್ಕ ಎರಡಕ್ಕೂ ಮತ್ತೆ ಅದನ್ನೇ ಮಾಡಿ. ಎರಡೂ ಬೇಗನೆ ಒಂದೇ ಸಂಖ್ಯೆಗೆ ಬಂದು ಸೇರುತ್ತವೆ. T₀ಯನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಜವಾದ ಆವರ್ತಕಾಲ. 90 ಡಿಗ್ರಿಗೆ: 1 ಮತ್ತು 0.70711. ಆಮೇಲೆ 0.85355 ಮತ್ತು 0.84090. ಆಮೇಲೆ ಎರಡೂ 0.8472. ಒಂದನ್ನು 0.8472ರಿಂದ ಭಾಗಿಸಿದರೆ 1.180. ಎರಡೇ ಸುತ್ತು.

ಗಡಿಯಾರ ಮಾಡುವವರು ಇದನ್ನು ಹೇಗೆ ನಿಭಾಯಿಸಿದರು?

1656ರಲ್ಲಿ ಮೊದಲ ಲೋಲಕದ ಗಡಿಯಾರ ಮಾಡಿದ ಕ್ರಿಸ್ಟಿಯಾನ್ ಹೈಗನ್ಸ್‌ಗೆ ಈ ತೊಂದರೆ ಗೊತ್ತಿತ್ತು. ಅಗಲ 3 ಡಿಗ್ರಿ ಇದ್ದದ್ದು ಎರಡೂವರೆಗೆ ಇಳಿದರೆ ಗಡಿಯಾರ ದಿನಕ್ಕೆ ನಾಲ್ಕೂವರೆ ಸೆಕೆಂಡು ಮುಂದೆ ಓಡುತ್ತದೆ, ಅವನ ಕಾಲದ ಗಡಿಯಾರಗಳ ತೂಗಾಟವೋ ಅದಕ್ಕಿಂತ ಎಷ್ಟೋ ಅಗಲ. ಅವನು ಹುಡುಕಿದ್ದು ಎಳೆತ ದಾರಿಯ ಜೊತೆಜೊತೆಗೇ ಬೆಳೆಯುವ ಬಿಲ್ಲನ್ನು. ಅದು ವೃತ್ತದ ತುಂಡಲ್ಲ; ಉರುಳುವ ಚಕ್ರದ ಅಂಚಿನ ಒಂದು ಚುಕ್ಕಿ ಗಾಳಿಯಲ್ಲಿ ಬರೆಯುವ ಗೆರೆಯನ್ನು ತಲೆಕೆಳಗು ಮಾಡಿದರೆ ಸಿಗುವ ಸೈಕ್ಲಾಯ್ಡ್. ದಾರದ ಎರಡೂ ಕಡೆ ಅದೇ ಆಕಾರದ ಬಾಗಿದ ತಗಡು ಇಟ್ಟರೆ, ಅಗಲ ಹೆಚ್ಚಿದಾಗ ದಾರ ತಗಡಿಗೆ ಒರಗಿ ತೂಗುವ ಉದ್ದ ಕಡಿಮೆಯಾಗುತ್ತದೆ, ಹೆಚ್ಚಬೇಕಾದ ಹೊತ್ತು ಸರಿಹೋಗುತ್ತದೆ. ಗಣಿತದಲ್ಲಿ ಇದು ಪೂರ್ತಿ ಸರಿ. ಬಳಕೆಯಲ್ಲಿ ತಗಡುಗಳೇ ಹೊಸ ತಪ್ಪುಗಳನ್ನು ತಂದವು. ಕೊನೆಗೆ ಗಡಿಯಾರದವರು ಹಿಡಿದದ್ದು ಸರಳ ದಾರಿ: ತೂಗಾಟವನ್ನೇ ಕೆಲವೇ ಡಿಗ್ರಿಗೆ ಇಳಿಸಿ, ಅಷ್ಟರಲ್ಲೇ ಅಲುಗಾಡದಂತೆ ಹಿಡಿದಿಟ್ಟರು.

90 ಡಿಗ್ರಿ ದಾಟಿಸಿದರೆ ಏನಾಗುತ್ತದೆ?

ದಾರ ಕಟ್ಟಿದ ಗುಂಡನ್ನು 90ರ ಮೇಲಿಂದ ಬಿಟ್ಟರೆ ದಾರ ಸಡಿಲಾಗಿ ಗುಂಡು ನೇರ ಕೆಳಕ್ಕೆ ಬೀಳುತ್ತದೆ, ಆಮೇಲೆ ಜಗ್ಗುತ್ತದೆ. ಅದು ಲೋಲಕವಲ್ಲ. ಬಾಗದ ಕಡ್ಡಿ ಬೇಕು.

ಮನೆಯಲ್ಲಿ ಮಾಡಲು ಸೈಕಲ್ ಸಾಕು. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಮುಂದಿನ ಚಕ್ರದ ರಿಮ್ಮಿನ ಹತ್ತಿರ ಕಡ್ಡಿಗೆ ಒಂದು ಬೀಗವನ್ನು ಬಿಗಿಯಾಗಿ ಕಟ್ಟಿ. ಚಕ್ರ ಈಗ ಲೋಲಕ. ಚಕ್ರದ ತೂಕ ಸೇರಿರುವುದರಿಂದ T₀ ಬೇರೆಯಾಗುತ್ತದೆ, ಆದರೆ ಎಳೆತ sin θ ಪ್ರಕಾರವೇ ಇರುವುದರಿಂದ ಎಷ್ಟು ಪಟ್ಟು ಹೆಚ್ಚುತ್ತದೆ ಎನ್ನುವುದು ಬದಲಾಗುವುದಿಲ್ಲ. ಸಣ್ಣ ತೂಗಾಟಕ್ಕೆ 3.2 ಸೆಕೆಂಡು ಹಿಡಿಯುವ ಚಕ್ರ 90 ಡಿಗ್ರಿಯಿಂದ 3.8 ಸೆಕೆಂಡು, 150 ಡಿಗ್ರಿಯಿಂದ 5.6 ಸೆಕೆಂಡು ಹಿಡಿಯಬೇಕು. ಬೇರಿಂಗಿನ ಉಜ್ಜಾಟದಿಂದ ಅಗಲ ಬೇಗ ಕುಗ್ಗುವುದರಿಂದ ಮೊದಲ ಒಂದೇ ಆಂದೋಲನ ಅಳೆಯಿರಿ. ಇಲ್ಲಿ ಸ್ಟಾಪ್‌ವಾಚ್ ಕೂಡ ಬೇಡ, ಬಾಯಲ್ಲಿ ಎಣಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಪೂರ್ತಿ ಮೇಲಕ್ಕೆ, 180 ಡಿಗ್ರಿಗೆ ಒಯ್ದರೆ?

90 ದಾಟಿದ ಮೇಲೆ ಎಳೆತ ಹೆಚ್ಚುವುದಿರಲಿ, ಕಡಿಮೆಯಾಗತೊಡಗುತ್ತದೆ. ನೆತ್ತಿಯಲ್ಲಿ ಅದು ಸೊನ್ನೆ. ಬೀಗ ಅಲ್ಲಿ ಬಹಳ ಹೊತ್ತು ಯೋಚಿಸುತ್ತಿರುವಂತೆ ನಿಂತು, ಆಮೇಲೆ ಜಾರಲು ಶುರುಮಾಡುತ್ತದೆ. 170 ಡಿಗ್ರಿಯಿಂದ ಆವರ್ತಕಾಲ T₀ಯ 2.44 ಪಟ್ಟು, 179 ಡಿಗ್ರಿಯಿಂದ 3.9 ಪಟ್ಟು. ನೆತ್ತಿಗೆ ಇನ್ನೂ ಹತ್ತರಷ್ಟು ಹತ್ತಿರ, 179.9 ಡಿಗ್ರಿಗೆ ಒಯ್ದರೆ ಸುಮಾರು 5.4 ಪಟ್ಟು. ಹೀಗೆ ಪ್ರತಿ ಸಲ ಹತ್ತರಷ್ಟು ಹತ್ತಿರವಾದಾಗಲೂ ಸುಮಾರು ಒಂದೂವರೆ T₀ ಸೇರುತ್ತಾ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಲೆಕ್ಕದ ಪ್ರಕಾರ ಸರಿಯಾಗಿ 180ರಲ್ಲಿಟ್ಟು ಬಿಟ್ಟ ಲೋಲಕ ಇಳಿಯುವುದೇ ಇಲ್ಲ. ನಿಮ್ಮ ಚಕ್ರದಲ್ಲಿ ಇದನ್ನು ಅಳೆಯಲು ಹೋಗಬೇಡಿ. ಅಷ್ಟು ಸಣ್ಣ ಎಳೆತವನ್ನು ಬೇರಿಂಗಿನ ಉಜ್ಜಾಟವೇ ತಡೆದು ನಿಲ್ಲಿಸುತ್ತದೆ, ಚಕ್ರ ನಿಂತದ್ದು ನೆತ್ತಿಯಿಂದಲೋ ಗ್ರೀಸಿನಿಂದಲೋ ಹೇಳಲಾಗುವುದಿಲ್ಲ. 150 ಡಿಗ್ರಿಯವರೆಗೆ ಮಾಡಿ, ಅಳತೆ ತಂದು ತೋರಿಸಿ.